ಉತ್ತರ ಬೇಡದ ನಾಲ್ಕು ಸಾಲು

ದಿನಕ್ಕೆ ಏಳೆಂಟು ಗಂಟೆ ಒಂದೇ ಕೋಣೆಯಲ್ಲಿ ಕೂರುತ್ತೇವೆ. ಊಟದ ಡಬ್ಬಿ ಬಿಚ್ಚಿ ಚಟ್ನಿಪುಡಿ ಹಂಚಿಕೊಳ್ಳುತ್ತೇವೆ. ಒಬ್ಬರ ಮಗಳು ಪಿಯುಸಿ ಪಾಸಾದರೆ ಎಲ್ಲರೂ ಮೈಸೂರುಪಾಕು ತಿನ್ನುತ್ತೇವೆ. ಇಷ್ಟಿದ್ದರೂ ಸಹೋದ್ಯೋಗಿಯ ಮನೆಯ ಹೊಸ್ತಿಲನ್ನು ನಮ್ಮಲ್ಲಿ ಎಷ್ಟೋ ಜನ ತುಳಿದಿರುವುದಿಲ್ಲ. ಅವರ ಅಪ್ಪನೋ ಅಮ್ಮನೋ ತೀರಿಕೊಂಡರೆಂಬ ಸುದ್ದಿ ಬಂದಾಗ ಕೈಕಾಲು ಆಡದಂತಾಗುವುದು ಇದಕ್ಕೇ. ನೆಂಟರಿಗೆ ಕ್ರಿಯೆಯ ಕೆಲಸಗಳಿರುತ್ತವೆ. ನೆರೆಯವರು ಅಡುಗೆ ಮಾಡಿ ತಂದುಕೊಡುತ್ತಾರೆ. ಬಾಲ್ಯದ ಗೆಳತಿ ಓಡಿಬಂದು ತಬ್ಬಿಕೊಂಡು ಅಳುತ್ತಾಳೆ. ಜೊತೆಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ಸಾವಿನ ಮನೆಯಲ್ಲಿ ಇಂಥದೇ ಎಂದು ಒಂದು ಜಾಗವಿಲ್ಲ. ಊರು ದೂರವಿದ್ದರೆ ಅವರ ಕೈಯಲ್ಲಿ ಉಳಿಯುವುದು ಮೊಬೈಲು ಒಂದೇ.

ಆ ಮೊಬೈಲಿನಲ್ಲಿ ಆಗುವುದನ್ನು ನಾವೆಲ್ಲ ನೋಡಿದ್ದೇವೆ. ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿದ್ದ ಕೂಡಲೇ ಒಬ್ಬರು ‘ಓಂ ಶಾಂತಿ’ ಎಂದು ಬರೆಯುತ್ತಾರೆ. ಕೆಳಗೆ ಅದೇ ಎರಡು ಪದ ಸಾಲುಸಾಲಾಗಿ ಇಳಿಯುತ್ತವೆ, ನಡುವೆ ಕೈಮುಗಿದ ಚಿತ್ರಗಳು. ಅರ್ಧ ಗಂಟೆಯಲ್ಲಿ ಅದರ ಕೆಳಗೇ ಪರೀಕ್ಷೆಯ ಸುತ್ತೋಲೆ ಬರುತ್ತದೆ, ‘ಓಕೆ ಸರ್’ಗಳು ಬರುತ್ತವೆ. ಆ ಎರಡು ಪದಗಳನ್ನು ನಾನು ಹಳಿಯುವುದಿಲ್ಲ. ಬರೆದವರಿಗೆ ನಿಜವಾಗಿಯೂ ಮರುಕವಿರುತ್ತದೆ, ಗುಂಪಿನಲ್ಲಿ ಸುಮ್ಮನಿದ್ದರೆ ತಪ್ಪು ತಿಳಿದಾರೆಂಬ ಅಳುಕೂ ಇರುತ್ತದೆ. ಆದರೆ ಅಪ್ಪನನ್ನು ಕಳೆದುಕೊಂಡವರಿಗೆ ಅದು ಒಂದು ಹಾಜರಿ ಪಟ್ಟಿಯಾಗಿ ಕಾಣುತ್ತದೆ. ಗುಂಪಿನಲ್ಲಿ ಬರೆದದ್ದರಿಂದ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಅವರೊಬ್ಬರಿಗೇ ಎಂದು ಬೇರೆ ಬರೆಯಬೇಕು.

ಏನು ಬರೆಯಬೇಕು ಎಂಬುದಕ್ಕೆ ನಮ್ಮ ಹಿರಿಯರು ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವ ರೀತಿಯನ್ನೇ ನೋಡಬೇಕು. ಆ ಮನೆಯಲ್ಲಿ ಯಾರೂ ಯಾರನ್ನೂ ಸತ್ಕರಿಸುವುದಿಲ್ಲ. ಕಾಫಿ ಕೊಡಲಿಲ್ಲವೆಂದು ಯಾರೂ ಮುಖ ಸಿಂಡರಿಸುವುದಿಲ್ಲ. ಹೋದವರು ಚಾಪೆಯ ಮೇಲೆ ಕುಳಿತು ಹೆಚ್ಚು ಹೊತ್ತು ಸುಮ್ಮನಿದ್ದು, ‘ಹೋದ ತಿಂಗಳು ಸಂತೆಯಲ್ಲಿ ಸಿಕ್ಕಿದ್ದರು, ಬದನೆಕಾಯಿ ಆರಿಸುತ್ತಿದ್ದರು’ ಎಂದು ಸತ್ತವರ ಬಗ್ಗೆ ಒಂದೆರಡು ಮಾತಾಡುತ್ತಾರೆ. ಎದ್ದು ಬರುವಾಗ ‘ಹೋಗಿ ಬರುತ್ತೇನೆ’ ಎಂದು ಹೇಳುವ ಪದ್ಧತಿಯಿಲ್ಲ. ಹೇಳದೆಯೇ ಹೊರಡುತ್ತಾರೆ, ಯಾರೂ ಬಾಗಿಲವರೆಗೆ ಬಂದು ಕಳಿಸಿಕೊಡಬೇಕಿಲ್ಲ. ಮತ್ತೆ ಇಂಥದಕ್ಕೆ ಬರುವಂತಾಗದಿರಲಿ ಎಂಬುದು ಆ ಪದ್ಧತಿಗೆ ಹೇಳುವ ಕಾರಣ. ನನಗೆ ಅದರಲ್ಲಿ ಇನ್ನೊಂದು ದೊಡ್ಡ ದಯೆಯೂ ಕಾಣುತ್ತದೆ. ದುಃಖದಲ್ಲಿರುವವರಿಂದ ಬಂದವರು ಏನನ್ನೂ ಬೇಡುವುದಿಲ್ಲ, ಬೀಳ್ಕೊಡುವ ಮಾತನ್ನು ಕೂಡ. ನಾವು ಬರೆಯುವ ಸಂದೇಶವೂ ಹೀಗೆಯೇ ಹೋಗಿ, ಕುಳಿತು, ಹೇಳದೆ ಎದ್ದು ಬರಬೇಕು.

ನಮ್ಮ ಕಾಲೇಜಿನ ಒಂದು ಸಂದರ್ಭವನ್ನು ಹೇಳುತ್ತೇನೆ. ನನ್ನ ಪಕ್ಕದ ಮೇಜಿನಲ್ಲಿ ಕೂರುವ ಅಧ್ಯಾಪಕಿಯ ಊರು ತಿಪಟೂರಿನ ಕಡೆ. ತಂದೆಗೆ ತೆಂಗಿನ ತೋಟ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ದಿನವೂ ಅವರ ಫೋನು ಬರುತ್ತಿತ್ತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಜೋರಾಗಿ ಮಾತಾಡುತ್ತಿದ್ದರು. ಸ್ಪೀಕರ್ ಹಾಕದಿದ್ದರೂ ಕೋಣೆಗೆಲ್ಲ ಕೇಳುತ್ತಿತ್ತು. ‘ಊಟ ಆಯ್ತೇನವ್ವಾ?’ ಎಂದು ಮೊದಲು ಮಗಳನ್ನು ಕೇಳಿ, ಆಮೇಲೆ ‘ನಿನ್ನ ಜೊತೇರೆಲ್ಲ ಉಂಡ್ರಾ?’ ಎಂದು ನಮ್ಮನ್ನೂ ವಿಚಾರಿಸುತ್ತಿದ್ದರು. ಮಗಳು ಊರಿಗೆ ಹೋಗಿ ಬರುವಾಗ ನಮಗೆಲ್ಲ ಒಂದೊಂದು ಉಂಡೆ ಕೊಬ್ಬರಿ ಕಳಿಸುತ್ತಿದ್ದರು. ಸುಲಿಯದ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡಬೇಕು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದಾಗ ಕೊಬ್ಬರಿ ಚಿಪ್ಪಿಗೆ ಬಡಿದು ಸದ್ದು ಮಾಡಬೇಕು, ಆಗ ಒಡೆದರೆ ಇಡೀ ಉಂಡೆ ಸಿಗುತ್ತದೆ ಎಂದು ಫೋನಿನಲ್ಲೇ ನಮಗೆ ಪಾಠ ಹೇಳಿದ್ದರು. ನಾವ್ಯಾರೂ ಅವರ ಮುಖ ಕಂಡವರಲ್ಲ. ಒಂದು ಬೆಳಗ್ಗೆ ಅವರು ಹೋದರೆಂದು ತಿಳಿಯಿತು. ಮಗಳು ಸಿಕ್ಕಿದ ಬಸ್ಸು ಹತ್ತಿ ಹೊರಟುಬಿಟ್ಟಿದ್ದರು. ಅವರದು ಮಣ್ಣು ಮಾಡುವ ಪದ್ಧತಿ. ಮಗಳು ಬಂದು ಮುಖ ನೋಡುವವರೆಗೆ ಕಾದು ಸಂಜೆ ತೋಟದಲ್ಲೇ ಮಾಡುತ್ತಾರೆಂದು ಅವರ ಯಜಮಾನರು ತಿಳಿಸಿದರು.

ಆ ವರ್ಷವೇ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ನಮ್ಮ ವಿಭಾಗದಲ್ಲಿದ್ದ. ಅವನು ತಾನು ಬರೆದದ್ದನ್ನು ಕಳಿಸುವ ಮುನ್ನ ನನಗೆ ತೋರಿಸಿದ. ಹೀಗಿತ್ತು: ‘ನಿಮ್ಮ ಪೂಜ್ಯ ತಂದೆಯವರ ನಿಧನದ ವಾರ್ತೆ ಕೇಳಿ ತೀವ್ರ ಆಘಾತವಾಯಿತು. ಮೃತರ ಆತ್ಮಕ್ಕೆ ಭಗವಂತನು ಚಿರಶಾಂತಿ ಕರುಣಿಸಲಿ. ನಿಮಗೂ ನಿಮ್ಮ ಕುಟುಂಬ ವರ್ಗಕ್ಕೂ ದುಃಖವನ್ನು ಭರಿಸುವ ಶಕ್ತಿಯನ್ನು ನೀಡಲಿ. ಏನು ಸಹಾಯ ಬೇಕಿದ್ದರೂ ದಯವಿಟ್ಟು ತಿಳಿಸಿ.’ ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಕಾಲೇಜಿನ ಪರವಾಗಿ ಪ್ರಾಂಶುಪಾಲರು ಕಳಿಸುವ ಸಂತಾಪ ಪತ್ರ ಹೀಗೆಯೇ ಇದ್ದರೆ ಚೆನ್ನ. ಸಂಸ್ಥೆಗೆ ಸಲ್ಲುವ ಗಾಂಭೀರ್ಯ ಅದರಲ್ಲಿದೆ. ಆದರೆ ಹುಡುಗನ ಮೊಬೈಲಿನಿಂದ ಹೋಗುವಾಗ ಅದು ಯಾರ ತಂದೆಗಾದರೂ ಸಲ್ಲುವ ಮಾತು. ಊಟವಾಯಿತೇ ಎಂದು ಕೇಳುತ್ತಿದ್ದ ಆ ಮನುಷ್ಯ ಅದರಲ್ಲಿ ಎಲ್ಲಿಯೂ ಇಲ್ಲ.

‘ನನಗೆ ಅವರ ಪರಿಚಯವೇ ಇಲ್ಲವಲ್ಲ ಮೇಡಂ, ಬೇರೆ ಏನು ಬರೆಯಲಿ?’ ಎಂದ. ಪರಿಚಯವಿಲ್ಲದಿದ್ದರೂ ಕೇಳಿ ತಿಳಿದದ್ದು ಇರುತ್ತದೆ. ಸಹೋದ್ಯೋಗಿಗಳ ತಂದೆತಾಯಿಯರನ್ನು ನಾವು ಬಲ್ಲದ್ದೇ ಹಾಗೆ, ಮಕ್ಕಳ ಮಾತಿನಲ್ಲಿ, ಊರಿಂದ ಬಂದ ಹಲಸಿನ ಹಪ್ಪಳದಲ್ಲಿ, ‘ನಮ್ಮಮ್ಮ ಹೀಗೆ ಹೇಳ್ತಿದ್ರು’ ಎಂಬ ನೆನಪಿನಲ್ಲಿ. ಆ ಕೇಳಿದ ಸಂಗತಿಗಳಲ್ಲಿ ಒಂದನ್ನು, ಒಂದನ್ನೇ, ಬರೆಯಬೇಕು. ಅದು ಹೊಗಳಿಕೆಯಾಗಬೇಕಿಲ್ಲ. ನಡೆದದ್ದಾಗಿರಬೇಕು. ‘ನಿಮ್ಮ ತಂದೆ ದೇವರಂಥವರು’ ಎಂದರೆ ಓದುವ ಮಗಳಿಗೆ ಅದರಲ್ಲಿ ಹೊಸದಾಗಿ ಸಿಗುವುದೇನೂ ಇಲ್ಲ. ಅವರು ಫೋನಿನಲ್ಲಿ ನಮ್ಮ ಊಟವನ್ನೂ ವಿಚಾರಿಸುತ್ತಿದ್ದದ್ದು ನಮಗೆ ನೆನಪಿದೆ ಎಂದರೆ, ತನ್ನ ಅಪ್ಪ ತನಗಷ್ಟೇ ಅಲ್ಲದೆ ತಾನು ಕೆಲಸ ಮಾಡುವ ಜಾಗದಲ್ಲೂ ಇದ್ದರು ಎಂಬುದು ಅವರಿಗೆ ತಿಳಿಯುತ್ತದೆ. ಮನೆಯವರ ಬಳಿ ಆ ಸಂಗತಿ ಇರುವುದಿಲ್ಲ. ಅದನ್ನು ಕೊಡಬಲ್ಲವರು ನಾವು ಮಾತ್ರ. ಕೇಳಿದ್ದೂ ಏನೂ ಇಲ್ಲದಿದ್ದರೆ ‘ಅವರನ್ನು ಕಾಣುವ ಅವಕಾಶ ನನಗೆ ಸಿಗಲಿಲ್ಲ’ ಎಂದು ನೇರವಾಗಿ ಬರೆದರೂ ಸಾಕು. ಸುಳ್ಳು ಪರಿಚಯ ಹೇಳಿಕೊಳ್ಳಬಾರದು.

ಆಮೇಲೆ ಆ ಕೊನೆಯ ವಾಕ್ಯ: ‘ಏನು ಸಹಾಯ ಬೇಕಿದ್ದರೂ ತಿಳಿಸಿ.’ ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತಾದರೂ ಅದು ಕೆಲಸವನ್ನು ದುಃಖದಲ್ಲಿರುವವರ ತಲೆಗೇ ಹಾಕುತ್ತದೆ. ಏನು ಬೇಕೆಂದು ಅವರು ಯೋಚಿಸಬೇಕು, ಯಾರನ್ನು ಕೇಳಬಹುದೆಂದು ಅಳೆಯಬೇಕು, ಆಮೇಲೆ ಸಂಕೋಚ ಬಿಟ್ಟು ಕೇಳಬೇಕು. ಯಾರೂ ಕೇಳುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲವಿದೆ: ಅವರ ಮೇಜಿನ ಮೇಲೆ ಏನು ಬಾಕಿ ಇದೆಯೆಂದು ನಮಗೆ ಕೇಳದೆಯೇ ಗೊತ್ತಿರುತ್ತದೆ. ಆ ವಾರ ಆಂತರಿಕ ಪರೀಕ್ಷೆಯ ಅಂಕಗಳನ್ನು ಏರಿಸಬೇಕಿತ್ತು. ಎರಡು ಸೆಕ್ಷನ್ನಿನ ಉತ್ತರಪತ್ರಿಕೆಗಳು ಅವರ ಬೀರುವಿನಲ್ಲಿದ್ದವು. ರಜೆಯ ಅರ್ಜಿ ಕೊಡದೆ ಹೋಗಿದ್ದರು. ಬಸ್ಸಿನಲ್ಲಿ ಕುಳಿತು, ಅಳುವಿನ ನಡುವೆಯೂ, ಇವೆಲ್ಲ ಅವರ ತಲೆಗೆ ಬಂದೇ ಬಂದಿರುತ್ತವೆ. ಆದ್ದರಿಂದ ಮೊದಲು ಕೆಲಸ ಮಾಡಿ, ಆಮೇಲೆ ಸಂದೇಶ ಬರೆಯಬೇಕು. ನಾವು ಪ್ರಾಂಶುಪಾಲರಿಗೆ ವಿಷಯ ತಿಳಿಸಿದೆವು, ತರಗತಿಗಳನ್ನು ಹಂಚಿಕೊಂಡೆವು. ಬೀರುವಿನ ಇನ್ನೊಂದು ಬೀಗದಕೈ ವಿಭಾಗದ ಮುಖ್ಯಸ್ಥರ ಬಳಿ ಇತ್ತು, ಅವರೇ ಪತ್ರಿಕೆಗಳನ್ನು ತೆಗೆದುಕೊಟ್ಟರು. ಹುಡುಗ ಮೌಲ್ಯಮಾಪನಕ್ಕೆ ಕುಳಿತ.

ಹೀಗೆ ಕಡೆಗೆ ಹೋದ ಸಂದೇಶ ಇದು:

‘ಮೇಡಂ, ಅಪ್ಪಾಜಿ ಹೋದರೆಂದು ತಿಳಿದು ತುಂಬ ಸಂಕಟವಾಯಿತು. ಅವರು ದಿನಾ ಮಧ್ಯಾಹ್ನ ನಿಮ್ಮ ಜೊತೆಗೆ ನಮ್ಮೆಲ್ಲರ ಊಟವನ್ನೂ ವಿಚಾರಿಸುತ್ತಿದ್ದರು. ನಾನು ಹೊಸಬ, ನನ್ನನ್ನೂ ಸೇರಿಸಿ ಕೇಳುತ್ತಾರಲ್ಲ ಎಂದು ಖುಷಿಯಾಗುತ್ತಿತ್ತು. ನಿಮ್ಮ ಎರಡೂ ಸೆಕ್ಷನ್ನಿನ ಪತ್ರಿಕೆಗಳನ್ನು ನಾನು ನೋಡುತ್ತಿದ್ದೇನೆ, ಅಂಕ ಏರಿಸುವುದೂ ಆಗುತ್ತದೆ. ರಜೆಯ ವಿಷಯ ಪ್ರಾಂಶುಪಾಲರಿಗೆ ಗೊತ್ತಿದೆ. ಇದಕ್ಕೆ ಉತ್ತರ ಬರೆಯಬೇಡಿ.’

‘ಅಪ್ಪಾಜಿ’ ಎಂದು ಬರೆದದ್ದು ಮಗಳು ಕರೆಯುತ್ತಿದ್ದದ್ದು ಹಾಗೆ ಎಂಬ ಕಾರಣಕ್ಕೆ. ಆ ದಿನ ಎಲ್ಲರೂ ‘ಮೃತರು’, ‘ದೇಹ’, ‘ಬಾಡಿ’ ಎನ್ನುತ್ತಿರುತ್ತಾರೆ. ಮಕ್ಕಳು ಕರೆಯುವ ಹೆಸರನ್ನು ಒಬ್ಬರಾದರೂ ಉಳಿಸಿಕೊಳ್ಳಬೇಕು. ಉತ್ತರ ಬೇಡ ಎಂಬ ಕೊನೆಯ ಸಾಲು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಸಾವಿನ ದಿನ ಫೋನು ಅವರ ಕೈಯಲ್ಲೇ ಇರುವುದಿಲ್ಲ. ಭಾವನೋ ತಮ್ಮನೋ ಹಿಡಿದುಕೊಂಡು ದಾರಿ ಕೇಳುವವರಿಗೆ, ಶಾಮಿಯಾನದವನಿಗೆ, ಇನ್ನೂ ಬಸ್ಸಿನಲ್ಲಿರುವ ನೆಂಟರಿಗೆ ಉತ್ತರ ಹೇಳುತ್ತಿರುತ್ತಾರೆ. ಅಪ್ಪನನ್ನು ಕಳೆದುಕೊಂಡವರು ಸಂದೇಶಗಳನ್ನು ನಿಜವಾಗಿ ಓದುವುದು ಮೂರನೆಯ ದಿನವೋ ನಾಲ್ಕನೆಯ ದಿನವೋ, ಮನೆಯವರೆಲ್ಲ ಮಲಗಿದ ಮೇಲೆ. ಆಗ ಒಂದೊಂದಕ್ಕೂ ಉತ್ತರ ಕೊಡಬೇಕಲ್ಲ ಎಂಬ ಭಾರ ಶುರುವಾಗುತ್ತದೆ. ಅದನ್ನು ಇಳಿಸಿಬಿಡಬೇಕು. ಪ್ರಶ್ನೆಯಿರುವ ಯಾವ ವಾಕ್ಯವನ್ನೂ ಅವತ್ತು ಬರೆಯದಿರುವುದು ಇದಕ್ಕೇ.

ಆದರೆ ಪ್ರಶ್ನೆಗಳು ನಮ್ಮಲ್ಲಿ ತಾವಾಗಿ ಬಾಯಿಗೆ ಬರುತ್ತವೆ. ಎಷ್ಟು ವಯಸ್ಸಾಗಿತ್ತು? ಏನಾಗಿತ್ತು? ಯಾವ ಆಸ್ಪತ್ರೆಗೆ ತೋರಿಸಿದ್ದಿರಿ? ವಯಸ್ಸು ಕೇಳುವುದರ ಹಿಂದೆ, ಎಪ್ಪತ್ತೈದೋ ಎಂಬತ್ತೋ ಆಗಿದ್ದರೆ ‘ತುಂಬು ಜೀವನ, ಪುಣ್ಯವಂತರು’ ಎನ್ನಬಹುದು ಎಂಬ ಲೆಕ್ಕವಿರುತ್ತದೆ. ಬಹಳ ದಿನ ಮಲಗಿದ್ದವರಾದರೆ ‘ಬಿಡುಗಡೆಯಾಯಿತು’ ಎಂಬ ಮಾತು ಬರುತ್ತದೆ. ಇವು ಸುಳ್ಳಲ್ಲ. ಮಕ್ಕಳೇ ತಮ್ಮೊಳಗೆ ಹೀಗೆ ಹೇಳಿಕೊಂಡು ಸಮಾಧಾನಪಟ್ಟುಕೊಳ್ಳುತ್ತಾರೆ. ಹಾಸಿಗೆ ಬದಲಿಸಿದವರಿಗೆ, ರಾತ್ರಿಯೆಲ್ಲ ಎದ್ದು ಕುಳಿತವರಿಗೆ ಆ ಮಾತಿನ ಮೇಲೆ ಹಕ್ಕಿದೆ. ಸ್ಟಾಫ್ ರೂಮಿನಲ್ಲಿ ಕುಳಿತ ನಮಗೆ ಇಲ್ಲ. ಅವರಾಗಿ ಹೇಳಿದರೆ ಹೌದೆನ್ನೋಣ.

ಎಲ್ಲಕ್ಕಿಂತ ಹೆಚ್ಚು ನೋಯಿಸುವ ಪ್ರಶ್ನೆ ಇನ್ನೊಂದಿದೆ: ‘ಕೊನೆಗಾಲಕ್ಕೆ ನೀವು ಇದ್ದಿರಾ?’ ಹಳ್ಳಿಯಲ್ಲಿ ತಂದೆತಾಯಿ, ನಗರದಲ್ಲಿ ನೌಕರಿ ಎಂದು ಬದುಕು ಕಟ್ಟಿಕೊಂಡ ನಮ್ಮಲ್ಲಿ ಬಹುಪಾಲು ಜನಕ್ಕೆ ಇದರ ಉತ್ತರ ‘ಇಲ್ಲ’ ಎಂದೇ. ಬೆಂಗಳೂರಿನಿಂದ ಬೀದರಿಗೆ ಒಂದು ರಾತ್ರಿಯ ಪ್ರಯಾಣ. ಅಮೆರಿಕದಲ್ಲಿರುವ ಮಗ ವಿಮಾನ ಹತ್ತಿ ಬರುವಷ್ಟರಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದಿರುತ್ತದೆ. ಮುಖ ನೋಡಲು ಸಿಕ್ಕಿತೋ ಇಲ್ಲವೋ ಎಂಬ ಕೊರಗು ಅವರೊಳಗೆ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ನಾವು ಕೇಳಿ ಕೆದಕಬಾರದು. ಹೆಣ್ಣುಮಕ್ಕಳಿಗೆ ‘ಇನ್ನು ತವರು ಮುಗಿಯಿತು’ ಎನ್ನುವುದೂ, ಹಿರಿಯ ಮಗನಿಗೆ ‘ಇನ್ನು ಮನೆಗೆ ನೀನೇ ಹಿರಿಯ, ಅಳಬಾರದು’ ಎನ್ನುವುದೂ ಇದೇ ಜಾತಿಯವು. ಅಪ್ಪ ಹೋದ ದಿನ ನಲವತ್ತೈದು ವರ್ಷದವರೂ ಮಗುವೇ. ಅಳುವುದಕ್ಕೆ ಬಿಡಬೇಕು.

ದೇವರ ಮಾತು ಬರೆಯಬೇಕೋ ಬೇಡವೋ ಎಂದು ಹುಡುಗ ಕೇಳಿದ್ದ. ನಾನು ಕಂಡಂತೆ ಇದನ್ನು ಆ ಮನೆಯವರ ನಡೆಗೆ ಬಿಡುವುದು ಒಳ್ಳೆಯದು. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯರಾದರು, ಶಿವೈಕ್ಯರಾದರು ಎನ್ನುತ್ತಾರೆ. ಮುಸ್ಲಿಂ ಸಹೋದ್ಯೋಗಿಗೆ ಬರೆಯುವಾಗ, ಅವರ ಬಾಯಲ್ಲಿ ಬರುವ ‘ಇನ್ನಾ ಲಿಲ್ಲಾಹಿ’ ಪ್ರಾರ್ಥನೆ ನಮಗೆ ಸರಿಯಾಗಿ ಗೊತ್ತಿದ್ದರೆ ಬರೆಯಬಹುದು. ಗೊತ್ತಿಲ್ಲದಿದ್ದರೆ ‘ನಿಮ್ಮ ಅಬ್ಬಾಗಾಗಿ ನಾನೂ ಪ್ರಾರ್ಥಿಸುತ್ತೇನೆ’ ಎಂದರೆ ಅದಕ್ಕೆ ಕಡಿಮೆಯೇನಲ್ಲ. ದೇವರನ್ನು ನಂಬದವರೂ ಇದ್ದಾರೆ. ಅವರಿಗೆ ಸದ್ಗತಿ, ಮೋಕ್ಷ ಎಂದು ಬರೆದರೆ ಅವರು ನಮ್ಮ ಪತ್ರ ಓದುತ್ತ ತಮ್ಮ ಅಪ್ಪನಿಂದ ದೂರವಾಗಿ ಬೇರೆ ವಿಚಾರಕ್ಕೆ ಹೋಗಬೇಕಾಗುತ್ತದೆ. ಸಂದೇಹವಿದ್ದರೆ ಸತ್ತವರ ಬಗ್ಗೆ ಬರೆಯಿರಿ, ಸತ್ತ ಮೇಲಿನದರ ಬಗ್ಗೆ ಬೇಡ.

ಒಂದು ಸಂದೇಶದಲ್ಲಿ ಎಲ್ಲವನ್ನೂ ಹೇಳಬೇಕಿಲ್ಲ, ಎರಡನೆಯದೂ ಇರಬೇಕು. ಅದನ್ನು ಬರೆಯುವವರು ಬಹಳ ಕಡಿಮೆ. ಹನ್ನೊಂದನೆಯ ದಿನದ ಶಿವಗಣಾರಾಧನೆಯೋ ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯೋ ಮುಗಿಯುವವರೆಗೆ ಮನೆ ತುಂಬ ಜನ. ಒಲೆ ಆರುವುದಿಲ್ಲ, ಅಳುವುದಕ್ಕೂ ಪುರುಸೊತ್ತಿಲ್ಲ. ಮಾರನೆಯ ದಿನ ಬಾಡಿಗೆ ಪಾತ್ರೆ ವಾಪಸು ಹೋಗುತ್ತವೆ, ನೆಂಟರು ಬಸ್ಸು ಹತ್ತುತ್ತಾರೆ, ಕಳೆದುಕೊಂಡದ್ದು ಏನೆಂದು ಆಗ ಕಾಣತೊಡಗುತ್ತದೆ. ಕಾಗದ ಪತ್ರದ ಕೆಲಸವೂ ಆ ಹೊತ್ತಿಗೇ ಎದುರಾಗುತ್ತದೆ. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಡವಾದರೆ ದಂಡ ಕಟ್ಟಬೇಕು, ಒಂದು ತಿಂಗಳು ಮೀರಿದರೆ ಮೇಲಧಿಕಾರಿಯ ಅನುಮತಿಗಾಗಿ ಅಲೆದಾಟ. ಮರಣ ಪ್ರಮಾಣಪತ್ರವಿಲ್ಲದೆ ಬ್ಯಾಂಕಿನ ಖಾತೆಯೂ ಇಲ್ಲ, ಅಮ್ಮನಿಗೆ ಕುಟುಂಬ ಪಿಂಚಣಿಯೂ ಇಲ್ಲ. ಜಮೀನಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ತರಬೇಕು, ಪೌತಿ ಖಾತೆಗೆ ಅರ್ಜಿ ಹಾಕಬೇಕು. ಇದನ್ನೆಲ್ಲ ಮೊದಲ ದಿನ ಹೇಳಿದರೆ ಕ್ರೌರ್ಯ, ಹದಿನಾಲ್ಕನೆಯ ದಿನ ಹೇಳಿದರೆ ಉಪಕಾರ. ನಮ್ಮ ಕಚೇರಿಯ ಗುಮಾಸ್ತರೊಬ್ಬರು ತಮ್ಮ ತಾಯಿ ಹೋದಾಗ ಈ ದಾರಿಯಲ್ಲಿ ನಡೆದಿದ್ದವರು. ಅವರು ಬರೆದದ್ದು ಇಷ್ಟೇ: ‘ಮೇಡಂ, ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲಕ್ಕೆ ಐದಾರು ತೆಗೆದುಕೊಳ್ಳಿ, ಬೇಕಾಗುತ್ತವೆ. ಅಮ್ಮ ಹೇಗಿದ್ದಾರೆ? ಅವರೂ ಊಟ ಮಾಡುತ್ತಿದ್ದಾರೆ ತಾನೆ?’ ಹೊತ್ತು ಬಂದಮೇಲೆ ಪ್ರಶ್ನೆಯೂ ಹಿತವಾಗುತ್ತದೆ.

ಅವರು ಕೆಲಸಕ್ಕೆ ಮರಳುವ ದಿನ ಕೋಣೆಯೊಳಗೆ ಮಾತು ನಿಂತುಹೋಗದಂತೆ ನೋಡಿಕೊಳ್ಳಬೇಕು. ತಂದೆಯ ಹೆಸರೆತ್ತಿದರೆ ಅತ್ತುಬಿಡುತ್ತಾರೆಂದು ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಅವರು ಅಪ್ಪನನ್ನು ಮರೆತಿರುವುದೇ ಇಲ್ಲ, ನಾವು ನೆನಪಿಸುವುದೆಂಬುದೇ ಇಲ್ಲ. ನಮ್ಮ ಅಧ್ಯಾಪಕಿ ಬಂದ ದಿನ ಊಟದ ಹೊತ್ತಿನಲ್ಲಿ ಹುಡುಗನೇ ಹೇಳಿದ, ‘ಅಪ್ಪಾಜಿ ಕೊಟ್ಟ ಕೊಬ್ಬರಿ ಇನ್ನೂ ಮನೆಯಲ್ಲಿದೆ ಮೇಡಂ. ನಮ್ಮಮ್ಮ ಯುಗಾದಿಯ ಒಬ್ಬಟ್ಟಿಗೆ ಎಂದು ಇಟ್ಟಿದ್ದಾಳೆ.’ ಅವರು ಅತ್ತರು. ಆಮೇಲೆ ಅಪ್ಪನ ತೋಟದ ಬಗ್ಗೆ, ಬಾವಿ ತೋಡಿಸಿದ ವರ್ಷದ ಬಗ್ಗೆ ಬೆಲ್ಲು ಹೊಡೆಯುವವರೆಗೆ ಮಾತಾಡಿದರು. ಆ ವರ್ಷವಿಡೀ ಅವರ ಮನೆಯಲ್ಲಿ ಹಬ್ಬವಿರಲಿಲ್ಲ, ಬಹಳ ಮನೆಗಳಲ್ಲಿ ಹೀಗೆಯೇ. ಎಲ್ಲರಿಗೂ ಒಟ್ಟಿಗೆ ಕಳಿಸುವ ದೀಪಾವಳಿಯ ಶುಭಾಶಯದ ಚಿತ್ರದ ಪಟ್ಟಿಯಿಂದ ಅವರ ಹೆಸರನ್ನು ನಾವು ತೆಗೆದೆವು. ಬದಲಿಗೆ ‘ಈ ಹಬ್ಬದಲ್ಲಿ ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದೇವೆ’ ಎಂದು ಬರೆದೆವು.

ಇದನ್ನು ಓದುತ್ತಿರುವ ನಿಮ್ಮ ಫೋನಿನಲ್ಲೂ ಈ ವರ್ಷ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಒಬ್ಬರ ಹೆಸರು ಇರಬಹುದು. ಆ ದಿನ ಏನು ಬರೆಯುವುದೆಂದು ತೋಚದೆ ಬಿಟ್ಟಿರಬಹುದು, ಈಗ ತಡವಾಯಿತೆಂದು ಸುಮ್ಮನಿರಬಹುದು. ಮೂರು ತಿಂಗಳಾದ ಮೇಲೆ ಅವರಿಗೆ ಯಾರೂ ಬರೆಯುತ್ತಿರುವುದಿಲ್ಲ. ದಯವಿಟ್ಟು ಇಂದೇ ಬರೆಯಿರಿ.